ಎಂಟರಲ್ಲಿ ಐದು: ಪ್ರಶ್ನೆಪತ್ರಿಕೆಯ ವಿನ್ಯಾಸ ಎಲ್ಲಿ ಅಂಕ ಕಳೆಯುತ್ತದೆ?

ಕೆಲವು ವರ್ಷಗಳ ಹಿಂದೆ ಮೌಲ್ಯಮಾಪನ ಮಾಡುವಾಗ ಒಂದು ಉತ್ತರಪತ್ರಿಕೆ ನನ್ನ ಕೈಗೆ ಬಂತು. ಅಕ್ಷರ ದುಂಡಗೆ, ಚಿತ್ರಗಳಿಗೆ ಪೆನ್ಸಿಲ್ಲು, ಹೆಸರು ಗುರುತಿಸಿದ ಗೆರೆಗಳೂ ನೇರ. ವಿಭಾಗ ಸಿ ಯಲ್ಲಿ ಎಂಟು ಪ್ರಶ್ನೆ ಇದ್ದವು. ಎಂಟಕ್ಕೂ ಉತ್ತರ ಬರೆದಿತ್ತು ಆ ಮಗು. ಬರೆಯಬೇಕಿದ್ದದ್ದು ಐದಕ್ಕೆ ಮಾತ್ರ. ಕೊನೆಯ ವಿಭಾಗಕ್ಕೆ ಬಂದಾಗ ಅಕ್ಷರ ದೊಡ್ಡದಾಗಿ, ಓರೆಯಾಗಿ ಓಡಿತ್ತು. ಅರ್ಧ ಪುಟ ಬರೆದು, ಒಂದು ವಾಕ್ಯದ ನಡುವೆಯೇ ನಿಂತುಹೋಗಿತ್ತು.

ನಿಯಮದ ಪ್ರಕಾರ ಮೊದಲ ಐದು ಉತ್ತರಗಳನ್ನು ಮಾತ್ರ ನೋಡಬೇಕಿತ್ತು. ಉಳಿದ ಮೂರಕ್ಕೆ ಅಡ್ಡಗೆರೆ ಹಾಕಿದೆ. ಆ ಮೂರೂ ಸರಿಯಾಗಿದ್ದವು. ಗೆರೆ ಹಾಕುವಾಗ ಕೈ ತಡೆಯಿತು. ಈ ಮಗುವಿಗೆ ವಿಷಯ ಗೊತ್ತಿತ್ತು. ಎಷ್ಟು ಬರೆಯಬೇಕು ಅನ್ನೋದು ಗೊತ್ತಾಗಿರಲಿಲ್ಲ.

'ಸೂಚನೆ ಓದಬೇಕಿತ್ತು' ಅಂತ ಹೇಳಿ ಕೈ ತೊಳೆದುಕೊಳ್ಳುವುದು ಸುಲಭ. ನಾನು ಹಾಗೆ ಮಾಡದೆ ಪ್ರಶ್ನೆಪತ್ರಿಕೆ ತೆಗೆದು ನೋಡಿದೆ. 'ವಿಭಾಗ ಸಿ ಯಲ್ಲಿ ಯಾವುದಾದರೂ ಐದು ಪ್ರಶ್ನೆಗಳಿಗೆ ಉತ್ತರಿಸತಕ್ಕದ್ದು' ಎಂಬ ಮಾತು ಮೊದಲ ಪುಟದಲ್ಲಿ, ಹನ್ನೊಂದು ಸೂಚನೆಗಳ ಸಾಲಿನಲ್ಲಿ ಏಳನೆಯದಾಗಿತ್ತು. ವಿಭಾಗ ಸಿ ಶುರುವಾಗುವುದು ನಾಲ್ಕನೇ ಪುಟದಲ್ಲಿ. ಅಲ್ಲಿ ಶೀರ್ಷಿಕೆಯ ಪಕ್ಕ ಇದ್ದದ್ದು ಇಷ್ಟೇ: 5 × 6 = 30. ಪರೀಕ್ಷೆ ಶುರುವಾಗಿ ಒಂದು ಗಂಟೆ ಆದಮೇಲೆ ಆ ಪುಟ ತೆರೆದವರಿಗೆ, ಮೊದಲ ಪುಟದ ಏಳನೇ ಸಾಲು ನೆನಪಿರಬೇಕು ಅಂತ ನಾವು ಬಯಸಿದ್ದೆವು.

ಸೂಚನೆ ಇತ್ತು, ಆದರೆ ಬೇಕಾದ ಜಾಗದಲ್ಲಿ ಇರಲಿಲ್ಲ. ಪ್ರಶ್ನೆಪತ್ರಿಕೆಯ ವಿನ್ಯಾಸದ ತೊಂದರೆಗಳಲ್ಲಿ ಹೆಚ್ಚಿನವು ಈ ಬಗೆಯವೇ. ಅದೇ ಪತ್ರಿಕೆಯನ್ನು ಆಮೇಲೆ ನಾವು ಕೆಲವರು ಕೂತು ಹೊಸದಾಗಿ ಜೋಡಿಸಿದೆವು. ಏನೇನು ಬದಲಾಯಿತು, ಯಾಕೆ ಬದಲಾಯಿತು ಅಂತ ಹೇಳುತ್ತೇನೆ.

ಮೊದಲು ಹಳೆಯ ಪತ್ರಿಕೆಯ ಲೆಕ್ಕ. ವಿಜ್ಞಾನ, 80 ಅಂಕ, 3 ಗಂಟೆ. ವಿಭಾಗ ಎ ಯಲ್ಲಿ ಒಂದಂಕದ ಹತ್ತು ಬಹು ಆಯ್ಕೆ ಪ್ರಶ್ನೆ. ವಿಭಾಗ ಬಿ ಯಲ್ಲಿ ಎರಡಂಕದ ಹನ್ನೆರಡು ಪ್ರಶ್ನೆ, ಬರೆಯಬೇಕಾದದ್ದು ಹತ್ತು. ವಿಭಾಗ ಸಿ ಯಲ್ಲಿ ಆರಂಕದ ಎಂಟು, ಬರೆಯಬೇಕಾದದ್ದು ಐದು. ವಿಭಾಗ ಡಿ ಯಲ್ಲಿ ಹತ್ತಂಕದ ಮೂರು, ಬರೆಯಬೇಕಾದದ್ದು ಎರಡು. ಹತ್ತು, ಇಪ್ಪತ್ತು, ಮೂವತ್ತು, ಇಪ್ಪತ್ತು. ಕೂಡಿದರೆ 80 ಸರಿಯಾಗಿ ಬರುತ್ತದೆ. ಪತ್ರಿಕೆ ತಯಾರಿಸುವವರು ಸಾಮಾನ್ಯವಾಗಿ ಇಲ್ಲಿಗೇ ಲೆಕ್ಕ ನಿಲ್ಲಿಸುತ್ತಾರೆ.

ಇನ್ನೊಂದು ಲೆಕ್ಕ ಇದೆ, ಸಮಯದ್ದು. 180 ನಿಮಿಷದಲ್ಲಿ ಓದಿಕೊಳ್ಳಲು 10, ಕೊನೆಗೆ ಪರಿಶೀಲಿಸಲು 10 ತೆಗೆದರೆ ಬರೆಯಲು ಉಳಿಯುವುದು 160 ನಿಮಿಷ. 80 ಅಂಕಕ್ಕೆ 160 ನಿಮಿಷ ಅಂದರೆ ಅಂಕಕ್ಕೆ ಎರಡು ನಿಮಿಷ. ಈ ಎರಡು ನಿಮಿಷವೇ ನಮ್ಮ ಅಳತೆಗೋಲು. ಆ ಮಗು ಹೆಚ್ಚಾಗಿ ಬರೆದದ್ದು ಆರಂಕದ ಮೂರು ಪ್ರಶ್ನೆ, ಅಂದರೆ 18 ಅಂಕದ ಕೆಲಸ. 36 ನಿಮಿಷ ಅದಕ್ಕೇ ಹೋಯಿತು. ವಿಭಾಗ ಡಿ ಗೆ ಬೇಕಿದ್ದದ್ದು ಸುಮಾರು 40 ನಿಮಿಷ. ಅರ್ಧ ಪುಟಕ್ಕೇ ಯಾಕೆ ನಿಂತಿತು ಅನ್ನೋದು ಈಗ ಸ್ಪಷ್ಟ, ಅಲ್ವಾ? 20 ಅಂಕದ ವಿಭಾಗ ಹೋಗಿದ್ದು ಒಂದೇ ಸಾಲು ತಪ್ಪಾದ ಜಾಗದಲ್ಲಿ ಇದ್ದದ್ದರಿಂದ.

ಸೂಚನೆಗಳಿಂದಲೇ ಕೆಲಸ ಶುರು ಮಾಡಿದೆವು. ಹನ್ನೊಂದನ್ನೂ ಒಂದೊಂದೇ ಚೀಟಿಯಲ್ಲಿ ಬರೆದು ಮೇಜಿನ ಮೇಲೆ ಹರಡಿದೆವು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ: ಇದು ವಿದ್ಯಾರ್ಥಿಗೆ ಯಾವ ಕ್ಷಣದಲ್ಲಿ ಬೇಕು? 'ನೋಂದಣಿ ಸಂಖ್ಯೆ ಬರೆಯಿರಿ' ಅನ್ನೋದು ಪೆನ್ನು ಹಿಡಿಯುವ ಮೊದಲೇ ಬೇಕು. 'ಐದಕ್ಕೆ ಉತ್ತರಿಸಿ' ಅನ್ನೋದು ವಿಭಾಗ ಸಿ ತೆರೆದಾಗ ಬೇಕು. 'ಚಿತ್ರ ಬರೆದು ಭಾಗಗಳನ್ನು ಗುರುತಿಸಿ' ಅನ್ನೋದು ಆಯಾ ಪ್ರಶ್ನೆಯೊಳಗೇ ಬೇಕು. ಇನ್ನು ಕೆಲವು ಚೀಟಿಗಳು ವಿದ್ಯಾರ್ಥಿಗೆ ಬೇಕಾದವೇ ಅಲ್ಲ. ಹೆಚ್ಚುವರಿ ಹಾಳೆ ಕೊಡುವ ಕ್ರಮ, ತಡವಾಗಿ ಬಂದವರನ್ನು ಒಳಗೆ ಬಿಡುವ ನಿಯಮ, ಇವೆಲ್ಲ ಕೊಠಡಿ ಮೇಲ್ವಿಚಾರಕರಿಗೆ ಕೊಡುವ ಹಾಳೆಯಲ್ಲಿ ಇರಬೇಕಾದವು. ಹೀಗೆ ಹಂಚಿದ ಮೇಲೆ ಮೊದಲ ಪುಟಕ್ಕೆ ಉಳಿದದ್ದು ನಾಲ್ಕೇ ಸೂಚನೆ.

ಆ ನಾಲ್ಕನ್ನು ಹೀಗೆ ಬರೆದೆವು. 'ಈ ಪತ್ರಿಕೆಯಲ್ಲಿ 8 ಪುಟ, 27 ಪ್ರಶ್ನೆ ಇವೆ. ಈಗಲೇ ಎಣಿಸಿ ನೋಡಿ.' 'ಎಲ್ಲ 27 ಪ್ರಶ್ನೆಗಳಿಗೂ ಉತ್ತರ ಬರೆಯಿರಿ. 24ರಿಂದ 27ರವರೆಗಿನ ಪ್ರಶ್ನೆಗಳಲ್ಲಿ ಮಾತ್ರ ಆಯ್ಕೆ ಇದೆ.' 'ಪ್ರಶ್ನೆಪತ್ರಿಕೆಯಲ್ಲಿರುವ ಸಂಖ್ಯೆಯನ್ನೇ ಉತ್ತರದ ಪಕ್ಕ ಬರೆಯಿರಿ.' 'ಪ್ರತಿ ಪ್ರಶ್ನೆಯ ಅಂಕ ಬಲಗಡೆ ಇದೆ.' ಒಂದು ಸೂಚನೆಗೆ ಒಂದು ಕೆಲಸ, ವಾಕ್ಯದ ಕೊನೆಗೆ ಮಾಡಬೇಕಾದ ಕ್ರಿಯೆ. 'ಉತ್ತರಿಸತಕ್ಕದ್ದು', 'ಪರಿಗಣಿಸಲಾಗುವುದಿಲ್ಲ' ಇಂಥವನ್ನು ಹುಡುಕಿ ತೆಗೆದೆವು. ಹಳೆಯ ಪತ್ರಿಕೆಯಲ್ಲಿ ಒಂದು ಸಾಲು ಹೀಗಿತ್ತು: 'ಒಂದಕ್ಕಿಂತ ಹೆಚ್ಚು ಆಯ್ಕೆಗಳನ್ನು ಗುರುತಿಸಿದಲ್ಲಿ ಅಂತಹ ಉತ್ತರಗಳನ್ನು ಮೌಲ್ಯಮಾಪನಕ್ಕೆ ಪರಿಗಣಿಸಲಾಗುವುದಿಲ್ಲ.' ಅದನ್ನು ಬಹು ಆಯ್ಕೆ ವಿಭಾಗದ ತಲೆಗೆ ತಂದು ಹೀಗೆ ಮಾಡಿದೆವು: 'ಒಂದೇ ಆಯ್ಕೆಯನ್ನು ಗುರುತಿಸಿ. ಎರಡು ಗುರುತಿಸಿದರೆ ಅಂಕ ಸಿಗುವುದಿಲ್ಲ.' ನಿಯಮ ಬದಲಾಗಿಲ್ಲ, ಓದುವ ಹೊರೆ ಇಳಿದಿದೆ.

ವಿಭಾಗಗಳಿಗೆ ಎ, ಬಿ, ಸಿ ಬದಲು 1, 2, 3, 4 ಅಂತ ಹೆಸರಿಟ್ಟೆವು. ಕಾರಣ ಇದೆ. ಹಳೆಯದರಲ್ಲಿ ವಿಭಾಗಕ್ಕೂ ಎ, ಉಪಪ್ರಶ್ನೆಗೂ ಎ, ಬಹು ಆಯ್ಕೆಯ ಮೊದಲ ಉತ್ತರಕ್ಕೂ ಎ. ಪ್ರತಿ ವಿಭಾಗದಲ್ಲೂ ಪ್ರಶ್ನೆ ಸಂಖ್ಯೆ ಮತ್ತೆ 1ರಿಂದ ಶುರು. ಉತ್ತರಪತ್ರಿಕೆಯಲ್ಲಿ ಬರೀ '3 ಎ' ಅಂತ ಇದ್ದರೆ ಅದು ಯಾವ ವಿಭಾಗದ್ದು ಅಂತ ಮೌಲ್ಯಮಾಪಕರು ಉತ್ತರ ಓದಿ ಊಹಿಸಬೇಕಿತ್ತು. ಹೊಸದರಲ್ಲಿ ಪ್ರಶ್ನೆಗಳು 1ರಿಂದ 27ರವರೆಗೆ ಒಂದೇ ಸರಣಿ. ಒಂದು ಸಂಖ್ಯೆ ಇಡೀ ಪತ್ರಿಕೆಯಲ್ಲಿ ಒಂದೇ ಸಲ ಬರುತ್ತದೆ.

ಪ್ರತಿ ವಿಭಾಗದ ತಲೆಯಲ್ಲಿ ಮೂರು ಮಾತು ಒಟ್ಟಿಗೆ ಇರಬೇಕು ಅಂತ ಮಾಡಿದೆವು. ಎಷ್ಟು ಪ್ರಶ್ನೆ ಬರೆಯಬೇಕು, ಒಂದೊಂದಕ್ಕೆ ಎಷ್ಟು ಅಂಕ, ಸುಮಾರು ಎಷ್ಟು ಹೊತ್ತು. '5 × 6 = 30' ಇದ್ದ ಜಾಗದಲ್ಲಿ ಈಗ ಇರುವುದು: 'ವಿಭಾಗ 3. ಐದೂ ಪ್ರಶ್ನೆಗಳಿಗೆ ಉತ್ತರ ಬರೆಯಿರಿ. ಪ್ರತಿ ಪ್ರಶ್ನೆಗೆ 6 ಅಂಕ, ಒಟ್ಟು 30 ಅಂಕ. ಈ ವಿಭಾಗಕ್ಕೆ ಸುಮಾರು 60 ನಿಮಿಷ ಇಟ್ಟುಕೊಳ್ಳಿ.' ಗುಣಾಕಾರದ ಗುರುತು ಬರೆದವರಿಗೆ ಸ್ಪಷ್ಟ. ಓದುವವರಿಗೆ ಐದು ಪ್ರಶ್ನೆಗೆ ಆರಾರು ಅಂಕವೋ, ಆರು ಪ್ರಶ್ನೆಗೆ ಐದೈದು ಅಂಕವೋ ಅಂತ ಒಂದು ಕ್ಷಣ ಯೋಚಿಸಬೇಕು. ಕೆಳಗೆ ಎಂಟು ಪ್ರಶ್ನೆ ಕಂಡರಂತೂ ಇನ್ನೂ ಗೊಂದಲ.

ವಿಭಾಗ 1ಕ್ಕೆ 15 ನಿಮಿಷ, 2ಕ್ಕೆ 40, 3ಕ್ಕೆ 60, 4ಕ್ಕೆ 45. ಕೂಡಿದರೆ 160. ಬಹು ಆಯ್ಕೆ ಪ್ರಶ್ನೆಗಳಿಗೆ ಬರೆಯುವ ಕೆಲಸ ಕಡಿಮೆ, ಅದಕ್ಕೇ ಅಲ್ಲಿ ಐದು ನಿಮಿಷ ಉಳಿಸಿ ಕೊನೆಯ ದೊಡ್ಡ ಪ್ರಶ್ನೆಗಳಿಗೆ ಕೊಟ್ಟೆವು. ಸಮಯ ಹಾಕಲು ಕೂತಾಗ ನಮ್ಮ ತಪ್ಪೂ ಹೊರಬಂತು. ಎರಡಂಕದ ಒಂದು ಪ್ರಶ್ನೆಯಲ್ಲಿ ನಾಲ್ಕು ವ್ಯತ್ಯಾಸಗಳನ್ನು ಪಟ್ಟಿಯಾಗಿ ಬರೆಯಲು ಕೇಳಿದ್ದೆವು. ನಾವೇ ಬರೆದು ನೋಡಿದರೆ ಏಳು ನಿಮಿಷ ಹಿಡಿಯಿತು. ನಾಲ್ಕು ನಿಮಿಷದ ಜಾಗದಲ್ಲಿ ಏಳು ನಿಮಿಷದ ಕೆಲಸ! ಎರಡು ವ್ಯತ್ಯಾಸ ಸಾಕು ಅಂತ ಬದಲಿಸಿದೆವು.

ಈಗ ಆಯ್ಕೆಯ ವಿಷಯ. ನನ್ನ ಅಭಿಪ್ರಾಯದಲ್ಲಿ ಪ್ರಶ್ನೆಪತ್ರಿಕೆಯಲ್ಲಿ ಅತಿ ಹೆಚ್ಚು ತಪ್ಪು ತಿಳಿದಿರುವುದು ಇದನ್ನೇ. ಆಯ್ಕೆ ಜಾಸ್ತಿ ಕೊಟ್ಟಷ್ಟೂ ವಿದ್ಯಾರ್ಥಿಗೆ ಅನುಕೂಲ ಅಂತ ನಾವು ನಂಬಿಕೊಂಡಿದ್ದೇವೆ. ಹಳೆಯ ಪತ್ರಿಕೆಯನ್ನೇ ನೋಡಿ. ಹನ್ನೆರಡರಲ್ಲಿ ಹತ್ತನ್ನು 66 ರೀತಿಯಲ್ಲಿ ಆರಿಸಬಹುದು. ಎಂಟರಲ್ಲಿ ಐದನ್ನು 56 ರೀತಿಯಲ್ಲಿ. ಮೂರರಲ್ಲಿ ಎರಡನ್ನು 3 ರೀತಿಯಲ್ಲಿ. ಮೂರನ್ನೂ ಗುಣಿಸಿದರೆ 11,088. ಒಂದೇ ಹೆಸರಿನ ಪರೀಕ್ಷೆಯಲ್ಲಿ 11,088 ಬೇರೆ ಬೇರೆ ಪ್ರಶ್ನೆಪತ್ರಿಕೆಗಳಿದ್ದವು ಅಂತಾಯಿತು. ಅವೆಲ್ಲ ಒಂದೇ ಕಷ್ಟದವು ಅಂತ ಯಾರೂ ಹೇಳಲಾರರು. ಇಬ್ಬರಿಗೆ 62 ಬಂದರೆ ಆ ಎರಡು 62 ಒಂದೇ ಅಂತ ಹೇಳುವುದೂ ಕಷ್ಟ.

ಓದುವ ಹೊತ್ತೂ ಇದರಲ್ಲಿ ಹೋಗುತ್ತದೆ. ಬರೆಯಬೇಕಾದದ್ದು 80 ಅಂಕಕ್ಕೆ, ಅಚ್ಚಾಗಿದ್ದದ್ದು 112 ಅಂಕದ ಪ್ರಶ್ನೆ. ಆರಿಸಬೇಕಾದರೆ ಎಲ್ಲವನ್ನೂ ಓದಬೇಕು, ತೂಗಿ ನೋಡಬೇಕು. ಚುರುಕಾಗಿ ಓದುವವರು ಸುಲಭದ್ದನ್ನು ಹೆಕ್ಕಿಕೊಳ್ಳುತ್ತಾರೆ. ನಿಧಾನವಾಗಿ ಓದುವವರು ಮೊದಲು ಕಂಡ ಐದನ್ನು ಬರೆಯುತ್ತಾರೆ, ಅದರಲ್ಲೇ ಕಷ್ಟದ್ದು ಇದ್ದರೂ.

ಹಾಗಂತ ಆಯ್ಕೆಯನ್ನು ಪೂರ್ತಿ ತೆಗೆಯಲಿಲ್ಲ. ದೊಡ್ಡ ಉತ್ತರದ ಪ್ರಶ್ನೆ ಒಂದೇ ಇದ್ದು, ಆ ಪಾಠವೇ ಬಾರದಿದ್ದರೆ ಹತ್ತು ಅಂಕ ಒಟ್ಟಿಗೆ ಹೋಗುತ್ತದೆ. ಆ ಭಯ ನ್ಯಾಯವಾದದ್ದೇ. ಅದಕ್ಕೆ ವಿಭಾಗ 3ರ ಕೊನೆಯ ಎರಡು ಪ್ರಶ್ನೆಗೆ, ವಿಭಾಗ 4ರ ಎರಡೂ ಪ್ರಶ್ನೆಗೆ 'ಅಥವಾ' ಕೊಟ್ಟೆವು. ಈಗ ಸಾಧ್ಯವಿರುವ ಪತ್ರಿಕೆಗಳು 16 ಮಾತ್ರ. ಜೋಡಿಯ ಎರಡೂ ಪ್ರಶ್ನೆಗಳು ಒಂದೇ ಘಟಕದವು, ಕೇಳುವ ಕೆಲಸವೂ ಒಂದೇ ಬಗೆಯದು. ಒಂದು ಕಡೆ ಚಿತ್ರ ಸಹಿತ ವಿವರಣೆ ಇದ್ದರೆ ಇನ್ನೊಂದು ಕಡೆಯೂ ಚಿತ್ರ ಇರಬೇಕು. ಇದನ್ನು ನೀಲನಕ್ಷೆಯಲ್ಲೇ ಗೊತ್ತುಮಾಡಬೇಕು. ಪ್ರಶ್ನೆ ಬರೆದಾದ ಮೇಲೆ ಜೋಡಿ ಹುಡುಕಿದರೆ ಸಮ ಆಗುವುದೇ ಇಲ್ಲ.

'ಅಥವಾ' ಎಂಬ ಪದ ಪುಟದಲ್ಲಿ ಎಲ್ಲಿ ಕೂರುತ್ತದೆ ಅನ್ನೋದರ ಮೇಲೂ ಅಂಕ ನಿಂತಿದೆ. ನಾನು ನೋಡಿದ ಒಂದು ಪತ್ರಿಕೆಯಲ್ಲಿ ಪ್ರಶ್ನೆಗೆ ಎ, ಬಿ ಅಂತ ಎರಡು ಭಾಗ ಇತ್ತು. ಕೆಳಗೆ ನಡುವೆ ಸಣ್ಣದಾಗಿ 'ಅಥವಾ'. ಅದರ ಕೆಳಗೆ ಮತ್ತೆ ಎ, ಬಿ. ಹಲವರು ಮೇಲಿನ ಎ ಗೂ ಕೆಳಗಿನ ಬಿ ಗೂ ಉತ್ತರ ಬರೆದಿದ್ದರು. ಅವರ ದೃಷ್ಟಿಯಲ್ಲಿ ಎ ಒಂದು, ಬಿ ಒಂದು, ಎರಡೂ ಬರೆದಾಯಿತು. ತಪ್ಪು ಅಂತ ಹೇಳಲು ಪತ್ರಿಕೆಯಲ್ಲಿ ಏನೂ ಇರಲಿಲ್ಲ. ನಮ್ಮ ಹೊಸ ಪತ್ರಿಕೆಯಲ್ಲಿ 'ಪ್ರಶ್ನೆ 26: ಎರಡು ಆಯ್ಕೆಗಳಲ್ಲಿ ಒಂದಕ್ಕೆ ಮಾತ್ರ ಉತ್ತರ ಬರೆಯಿರಿ' ಅಂತ ಮೊದಲೇ ಹೇಳುತ್ತದೆ. ಆಮೇಲೆ 'ಮೊದಲ ಆಯ್ಕೆ' ಒಂದು ಚೌಕದಲ್ಲಿ, 'ಎರಡನೇ ಆಯ್ಕೆ' ಇನ್ನೊಂದು ಚೌಕದಲ್ಲಿ, ಎರಡೂ ಒಂದೇ ಪುಟದಲ್ಲಿ. ಎರಡನೆಯದು ಪುಟದ ಹಿಂದೆ ಹೋದರೆ ಅರ್ಧದಷ್ಟು ಮಕ್ಕಳಿಗೆ ಆಯ್ಕೆ ಇದೆ ಅಂತಲೇ ತಿಳಿಯದೆ ಹೋಗಬಹುದು. ಎರಡಕ್ಕೂ ಬರೆದರೆ ಏನು ಮಾಡಬೇಕು ಅನ್ನೋದನ್ನೂ ಮೊದಲೇ ತೀರ್ಮಾನಿಸಿ ಬರೆದೆವು: ಎರಡನ್ನೂ ನೋಡಿ, ಹೆಚ್ಚು ಅಂಕ ಬಂದದ್ದನ್ನು ಇಟ್ಟುಕೊಳ್ಳುವುದು. ಮೌಲ್ಯಮಾಪಕರಿಗೆ ಕೆಲಸ ಜಾಸ್ತಿ ಆಗುತ್ತದೆ, ನಿಜ. ಆದರೆ ನಾನು ಆ ಮೂರು ಉತ್ತರಗಳಿಗೆ ಗೆರೆ ಹಾಕಿದವನು. ಈ ಮಾತಿಗೆ ಪಟ್ಟು ಹಿಡಿದೆ.

ಅಂಕ ಹಂಚುವಾಗ ಇನ್ನೊಂದು ಸೂಕ್ಷ್ಮ ಇದೆ. ಹಳೆಯ ಪತ್ರಿಕೆಯ ಒಂದು ಪ್ರಶ್ನೆ: 'ದ್ಯುತಿಸಂಶ್ಲೇಷಣೆ ಎಂದರೇನು? ಅದಕ್ಕೆ ಬೇಕಾದ ಅಂಶಗಳು ಯಾವುವು? ಬೆಳಕು ಅಗತ್ಯ ಎಂದು ತೋರಿಸುವ ಪ್ರಯೋಗವನ್ನು ಚಿತ್ರ ಸಹಿತ ವಿವರಿಸಿ. 6'. ಒಂದೇ ಉಸಿರಿನಲ್ಲಿ ಮೂರು ಕೆಲಸ. ವ್ಯಾಖ್ಯೆ ಬರೆದು ಸೀದಾ ಪ್ರಯೋಗಕ್ಕೆ ಹೋದವರೇ ಹೆಚ್ಚು. ನಡುವಿನದು ಬಿಟ್ಟುಹೋಗಿತ್ತು. ಕೀ ಉತ್ತರದಲ್ಲಿ ಮಾತ್ರ 1, 2, 3 ಅಂತ ಅಂಕ ಒಡೆದಿತ್ತು. ಅದು ಮೌಲ್ಯಮಾಪಕರಿಗೆ ಗೊತ್ತು, ಬರೆಯುವವರಿಗೆ ಗೊತ್ತಿಲ್ಲ.

ಹೊಸದರಲ್ಲಿ ಅದು ಪ್ರಶ್ನೆ 23, ಮೂರು ಸಾಲು. ಮೊದಲ ಸಾಲಿನಲ್ಲಿ ವ್ಯಾಖ್ಯೆ, ಬಲಗಡೆ 1. ಎರಡನೆಯದರಲ್ಲಿ 'ಬೇಕಾದ ನಾಲ್ಕು ಅಂಶಗಳನ್ನು ಹೆಸರಿಸಿ', ಬಲಗಡೆ 2. ಬೆಳಕು, ನೀರು, ಇಂಗಾಲದ ಡೈಆಕ್ಸೈಡ್, ಕ್ಲೋರೋಫಿಲ್, ಒಂದೊಂದಕ್ಕೆ ಅರ್ಧ ಅಂಕ. ಮೂರನೆಯದರಲ್ಲಿ ಪ್ರಯೋಗ. ಚಿತ್ರಕ್ಕೆ 1, ವಿಧಾನ ಮತ್ತು ಫಲಿತಾಂಶಕ್ಕೆ 2. ಕೀ ಉತ್ತರದಲ್ಲಿ ಅಂಕ ಒಡೆದಿದ್ದರೆ ಅದು ಪ್ರಶ್ನೆಯಲ್ಲೂ ಕಾಣಬೇಕು.

ಇದಕ್ಕೂ ಮಿತಿ ಇದೆ. ವಿಷಯವನ್ನು ತಾನೇ ಜೋಡಿಸಿ, ವಾದ ಕಟ್ಟಿ ಬರೆಯಬಲ್ಲರೇ ಅಂತ ನೋಡುವ ಪ್ರಬಂಧದಂಥ ಪ್ರಶ್ನೆಯನ್ನು ಹೀಗೆ ತುಂಡು ಮಾಡಬಾರದು. ಮಾಡಿದರೆ ಅಳೆಯಬೇಕಿದ್ದ ಕೌಶಲವನ್ನೇ ನಾವು ಬಿಟ್ಟುಕೊಟ್ಟಂತೆ. ಅಂಥಲ್ಲಿ ಪ್ರಶ್ನೆ ಇಡಿಯಾಗಿರಲಿ. ಕೆಳಗೆ ಒಂದು ಸಾಲು ಸಾಕು: ವಿಷಯಕ್ಕೆ ಎಷ್ಟು, ಜೋಡಣೆಗೆ ಎಷ್ಟು, ಭಾಷೆಗೆ ಎಷ್ಟು.

ಪುಟದ ಮೇಲಿನ ಕೆಲಸ ನೋಡಲು ಸಣ್ಣದು. ಬಹು ಆಯ್ಕೆಯ ನಾಲ್ಕು ಉತ್ತರಗಳಲ್ಲಿ ಎರಡು ಈ ಪುಟಕ್ಕೆ, ಎರಡು ಮುಂದಿನ ಪುಟಕ್ಕೆ ಹೋಗಬಾರದು. ಚಿತ್ರ, ಕೋಷ್ಟಕ ತಮ್ಮ ಪ್ರಶ್ನೆಯ ಜೊತೆಗೇ ಇರಬೇಕು. ಎದುರು ಪುಟವಾದರೂ ಸರಿ, ಪುಟ ತಿರುಗಿಸಿ ನೋಡುವಂತಿರಬಾರದು. ಕೊನೆಯ ಪುಟದಲ್ಲಿ ಒಂದೇ ಪ್ರಶ್ನೆ ಉಳಿಯುವ ಪತ್ರಿಕೆಗಳಲ್ಲಿ ಆ ಪ್ರಶ್ನೆಯನ್ನು ಕಾಣದವರು ಇದ್ದೇ ಇರುತ್ತಾರೆ. ಪ್ರತಿ ಹಾಳೆಯ ಕೆಳಗೆ 'ಪುಟ ತಿರುಗಿಸಿ', ಕೊನೆಯಲ್ಲಿ 'ಪ್ರಶ್ನೆಪತ್ರಿಕೆ ಇಲ್ಲಿಗೆ ಮುಗಿಯಿತು' ಅಂತ ಹಾಕಿದೆವು. ಗ್ರಾಫ್‌ನಲ್ಲಿ ಕೆಂಪು ಗೆರೆ, ಹಸಿರು ಗೆರೆ ಅಂತ ಹೇಳದೆ ತುಂಡುಗೆರೆ, ದಪ್ಪಗೆರೆ ಅಂತ ಮಾಡಿದೆವು. ಕಪ್ಪುಬಿಳುಪಿನಲ್ಲಿ ಜೆರಾಕ್ಸ್ ಆದರೆ ಬಣ್ಣ ಉಳಿಯುವುದಿಲ್ಲ. ಬಣ್ಣ ಗುರುತಿಸಲು ಕಷ್ಟಪಡುವವರಿಗೂ ಇದು ಒಳ್ಳೆಯದು.

ಕನ್ನಡದಲ್ಲಿ ಅಚ್ಚಾಗುವ ಪತ್ರಿಕೆಗೆ ಎರಡು ವಿಶೇಷ ತೊಂದರೆ ಇದೆ. ಒಂದು, ಒತ್ತಕ್ಷರ. ಸಾಲುಗಳನ್ನು ಒತ್ತೊತ್ತಾಗಿ ಜೋಡಿಸಿದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಣಿತಕ್ಕೆ ತಾಗುತ್ತದೆ. ದಪ್ಪ ಅಕ್ಷರದಲ್ಲಿ ಒತ್ತಿನ ಒಳಗಿನ ಖಾಲಿ ಜಾಗ ಮಸಿಯಿಂದ ಮುಚ್ಚಿಹೋಗುತ್ತದೆ. ಅದಕ್ಕೇ ಇಡೀ ಸೂಚನೆಯನ್ನು ದಪ್ಪ ಮಾಡದೆ 'ಒಂದಕ್ಕೆ ಮಾತ್ರ' ಎಂಬಂಥ ಎರಡು ಪದಗಳನ್ನಷ್ಟೇ ದಪ್ಪ ಮಾಡಿದೆವು.

ಎರಡನೆಯದು 'ಅಲ್ಲ', 'ಇಲ್ಲ'. ನಮ್ಮ ಭಾಷೆಯಲ್ಲಿ ನಿಷೇಧ ವಾಕ್ಯದ ಕೊನೆಗೆ, ಕ್ರಿಯಾಪದದ ಬಾಲದಲ್ಲಿ ಅಂಟಿಕೊಂಡಿರುತ್ತದೆ. 'ಕೆಳಗಿನವುಗಳಲ್ಲಿ ಯಾವುದು ಈ ಗುಂಪಿಗೆ ಸೇರುವುದಿಲ್ಲ?' ಅಂತ ಕೇಳಿದರೆ ಅವಸರದ ಕಣ್ಣು 'ಸೇರು'ವಿನಲ್ಲೇ ನಿಂತುಬಿಡುತ್ತದೆ. ಆದಷ್ಟು ಇಂಥ ಪ್ರಶ್ನೆಯನ್ನೇ ತಿರುಗಿಸಿ ಕೇಳಬೇಕು. ಬೇಕೇ ಬೇಕಾದರೆ 'ಗುಂಪಿಗೆ ಸೇರದ ಒಂದನ್ನು ಆರಿಸಿ' ಅಂತ ಬರೆದು 'ಸೇರದ' ಎಂಬ ಪದವನ್ನು ಪೂರ್ತಿ ದಪ್ಪ ಮಾಡಬೇಕು. ಬರೀ ಬಾಲವನ್ನು ದಪ್ಪ ಮಾಡಿದರೆ ಸಾಲದು.

ಹೊಸ ವಿನ್ಯಾಸ ಕೆಲಸ ಮಾಡುತ್ತದೆಯೇ ಅಂತ ಪರೀಕ್ಷೆಗೆ ಮೊದಲು ತಿಳಿಯುವುದು ಹೇಗೆ? ಪ್ರಶ್ನೆಗಳು ಗುಟ್ಟು, ಯಾರಿಗೂ ತೋರಿಸುವಂತಿಲ್ಲ. ಆದರೆ ವಿನ್ಯಾಸ ಗುಟ್ಟಲ್ಲ. ಹಳೆಯ ವರ್ಷದ ಪ್ರಶ್ನೆಗಳನ್ನು ಹೊಸ ಚೌಕಟ್ಟಿಗೆ ತುಂಬಿ ಆರು ವಿದ್ಯಾರ್ಥಿಗಳ ಕೈಗೆ ಕೊಟ್ಟೆವು. ಉತ್ತರ ಬರೆಯಲು ಹೇಳಲಿಲ್ಲ. ಮೂರೇ ಪ್ರಶ್ನೆ ಕೇಳಿದೆವು. ಒಟ್ಟು ಎಷ್ಟು ಬರೆಯಬೇಕು? ಎಲ್ಲೆಲ್ಲಿ ಆಯ್ಕೆ ಇದೆ? 23ನೇ ಪ್ರಶ್ನೆಯಲ್ಲಿ ಯಾವ ಭಾಗಕ್ಕೆ ಎಷ್ಟು ಅಂಕ? ಐವರು ತಡವರಿಸದೆ ಹೇಳಿದರು. ಆರನೆಯ ಹುಡುಗಿ ಮಾತ್ರ, 'ಸರ್, ಅರವತ್ತು ನಿಮಿಷ ಆದ್ಮೇಲೆ ವಿಭಾಗ 3 ನಿಲ್ಲಿಸಲೇಬೇಕಾ?' ಅಂತ ಕೇಳಿದಳು. ನಾವು ಸಲಹೆ ಅಂತ ಬರೆದದ್ದು ಅವಳಿಗೆ ನಿಯಮದಂತೆ ಕಂಡಿತ್ತು. 'ಇದು ಅಂದಾಜು ಮಾತ್ರ' ಅಂತ ಸೇರಿಸಿದೆವು. ಅದೇ ಮಾದರಿಯನ್ನು ಪರೀಕ್ಷೆಗೆ ಸಾಕಷ್ಟು ಮೊದಲೇ ಎಲ್ಲರಿಗೂ ಹಂಚಿದೆವು. ಎಷ್ಟೇ ಒಳ್ಳೆಯ ವಿನ್ಯಾಸವಾದರೂ ಪರೀಕ್ಷೆಯ ದಿನವೇ ಮೊದಲ ಸಲ ಕಂಡರೆ ಗಾಬರಿ ಹುಟ್ಟಿಸುತ್ತದೆ.

ಪತ್ರಿಕೆ ಸಿದ್ಧವಾದ ಮೇಲೆ ಅದನ್ನು ಬರೆಯದ ಒಬ್ಬ ಶಿಕ್ಷಕರು ಗಡಿಯಾರ ಇಟ್ಟುಕೊಂಡು ಪೂರ್ತಿ ಉತ್ತರ ಬರೆಯಬೇಕು. ಅಂಕಗಳನ್ನು ಎರಡು ಸಲ ಕೂಡಬೇಕು. ಮೊದಲು ವಿಭಾಗಗಳ ತಲೆಯಲ್ಲಿರುವ ಮೊತ್ತ, ಆಮೇಲೆ ಬಲಗಡೆಯ ಅಂಕಣವನ್ನು ಮೇಲಿಂದ ಕೆಳಕ್ಕೆ, 'ಅಥವಾ' ಇದ್ದಲ್ಲಿ ಒಂದನ್ನೇ ಹಿಡಿದು. ಎರಡೂ 80 ಆಗದಿದ್ದರೆ ಎಲ್ಲೋ ಒಂದು ಉಪಪ್ರಶ್ನೆ ತಿದ್ದುವಾಗ ಅಂಕ ತಿದ್ದಲು ಮರೆತಿದ್ದೇವೆ ಅಂತ ಅರ್ಥ. ನಮ್ಮದರಲ್ಲಿ ಮೊದಲ ಸಲ 81 ಬಂತು.

ಪರೀಕ್ಷೆ ಮುಗಿದ ಮೇಲೆ ನೋಡಬೇಕಾದದ್ದು ಸರಾಸರಿ ಅಂಕವನ್ನಲ್ಲ. ಅದು ಪ್ರಶ್ನೆಗಳ ಕಷ್ಟದ ಮೇಲೂ ಏರಿಳಿಯುತ್ತದೆ. ಐವತ್ತು ಉತ್ತರಪತ್ರಿಕೆ ತೆಗೆದುಕೊಂಡು ಮೂರು ಎಣಿಸಿದರೆ ಸಾಕು. ಬೇಡದ ಉತ್ತರ ಎಷ್ಟು ಜನ ಬರೆದಿದ್ದಾರೆ, ಸಂಖ್ಯೆ ತಪ್ಪಿದ ಉತ್ತರ ಎಷ್ಟು, ಕೊನೆಯ ಪ್ರಶ್ನೆಗಳು ಎಷ್ಟು ಜನರದ್ದು ಖಾಲಿ. ಖಾಲಿ ಬಿಟ್ಟದ್ದಕ್ಕೆ ಕಾರಣ ಎರಡಿರಬಹುದು. ಚೆನ್ನಾಗಿ ಬರೆದವರ ಪತ್ರಿಕೆಯಲ್ಲೂ ಕೊನೆ ಖಾಲಿ ಇದ್ದರೆ ಸಮಯ ಸಾಲಲಿಲ್ಲ, ತಪ್ಪು ನಮ್ಮ ಲೆಕ್ಕದ್ದು. ಖಾಲಿ ಜಾಗ ಅಲ್ಲಲ್ಲಿ ಚದುರಿದ್ದರೆ ಆ ಪಾಠ ಬಂದಿಲ್ಲ. ಜೊತೆಗೆ, ಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಗಳು ಎದ್ದು ನಿಂತು ಕೇಳಿದ ಅನುಮಾನಗಳನ್ನು ಬರೆದಿಡಲು ಪ್ರತಿ ಕೊಠಡಿಗೂ ಒಂದು ಹಾಳೆ ಕೊಟ್ಟಿದ್ದೆವು.

ಆ ಹಾಳೆಗಳಲ್ಲಿ ಆಯ್ಕೆಯ ಬಗ್ಗೆ ಒಂದೂ ಪ್ರಶ್ನೆ ಇರಲಿಲ್ಲ. ಆದರೆ ಮೂರು ಕೊಠಡಿಗಳಲ್ಲಿ ಒಂದೇ ಅನುಮಾನ ಬಂದಿತ್ತು: ವಿಭಾಗ 1ರ ಉತ್ತರವನ್ನು ಪ್ರಶ್ನೆಪತ್ರಿಕೆಯಲ್ಲೇ ಗುರುತಿಸಬೇಕಾ, ಉತ್ತರಪತ್ರಿಕೆಯಲ್ಲಿ ಬರೆಯಬೇಕಾ? 'ಗುರುತಿಸಿ' ಅಂತ ನಾವೇ ಬರೆದಿದ್ದೆವು. ಎಲ್ಲಿ ಅಂತ ಬರೆದಿರಲಿಲ್ಲ. ಮುಂದಿನ ಪತ್ರಿಕೆಯಲ್ಲಿ ಆ ಸಾಲು ಹೀಗಿದೆ: 'ಸರಿಯಾದ ಆಯ್ಕೆಯ ಅಕ್ಷರವನ್ನು ಉತ್ತರಪತ್ರಿಕೆಯಲ್ಲಿ, ಪ್ರಶ್ನೆ ಸಂಖ್ಯೆಯ ಪಕ್ಕ ಬರೆಯಿರಿ.'